ನಿಂತ ವಾಚಿಗೊಂದು ಪತ್ರ

ಕೊಂಡು ವರ್ಷ ತುಂಬದ ವಾಚು ನಿಂತರೆ ಅನೇಕರು ಮೊದಲು ಮಾಡುವ ಕೆಲಸ, ಹತ್ತಿರದ ರಿಪೇರಿ ಅಂಗಡಿಯಲ್ಲಿ ಹಿಂಬದಿ ಮುಚ್ಚಳ ತೆಗೆಸುವುದು. ದಯವಿಟ್ಟು ತೆಗೆಸಬೇಡಿ. ಮುಚ್ಚಳದ ಅಂಚಿನಲ್ಲಿ ಒಂದು ಗೀರು ಕಂಡರೂ ಸಾಕು, ‘ಹೊರಗಿನವರು ಬಿಚ್ಚಿದ್ದಾರೆ’ ಎಂದು ವಾರಂಟಿ ನಿರಾಕರಿಸಲು ದಾರಿಯಾಗುತ್ತದೆ.

ಸಾಮಾನ್ಯವಾಗಿ ವಾರಂಟಿ ಸಿಗುವುದು ಒಳಗಿನ ಮೆಷಿನ್‌ಗೆ. ಸೆಲ್ಲು, ಗಾಜು, ಬೆಲ್ಟು ಅದರಲ್ಲಿ ಸೇರಿರುವುದಿಲ್ಲ. ಹಾಗಾಗಿ ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಕೇಳಿಬರುವ ಮಾತು ‘ಸೆಲ್ಲು ಹೋಗಿದೆ’ ಅಥವಾ ‘ನೀರು ಹೋಗಿದೆ’. ಸೆಲ್ಲು ಇಳಿಯುತ್ತಿದ್ದರೆ ಹಲವು ಕ್ವಾರ್ಟ್ಜ್ ವಾಚುಗಳಲ್ಲಿ ಸೆಕೆಂಡಿನ ಮುಳ್ಳು ಒಮ್ಮೆಗೇ ಕೆಲವು ಸೆಕೆಂಡು ಜಿಗಿಯುತ್ತದೆ. ನೀರು ಹೋಗಿದ್ದರೆ ಗಾಜಿನ ಒಳಬದಿಯಲ್ಲಿ ಮಂಜು ಕಟ್ಟುವುದುಂಟು. ಇವೆರಡೂ ಕಾಣದಿದ್ದರೆ ಅದನ್ನೇ ಪತ್ರದಲ್ಲಿ ಬರೆಯಬೇಕು. 2024ರ ಆಗಸ್ಟ್ 14ರಂದು ಕೊಂಡ ವಾಚು ಮರುವರ್ಷ ಜುಲೈ 2ಕ್ಕೆ ನಿಂತಿತು ಎಂದಿಟ್ಟುಕೊಂಡರೆ, ಪತ್ರ ಹೀಗಿರಬಹುದು:

‘ಮಾನ್ಯರೇ, ನಿಮ್ಮ ಅಂಗಡಿಯಲ್ಲಿ 14-08-2024ರಂದು ಬಿಲ್ ನಂ. 1127ರ ಪ್ರಕಾರ ರೂ. 4,350 ಕೊಟ್ಟು ಕೈಗಡಿಯಾರ ಖರೀದಿಸಿದ್ದೇನೆ. ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆಗಳನ್ನು ಕೆಳಗೆ ಕೊಟ್ಟಿದ್ದೇನೆ. ವಾರಂಟಿ ಅವಧಿ ಒಂದು ವರ್ಷ. 02-07-2025ರಂದು ವಾಚು ನಿಂತಿದೆ. ಅದು ಕೆಳಗೆ ಬಿದ್ದಿಲ್ಲ, ನೀರಿಗೆ ತಾಗಿಲ್ಲ, ಅದನ್ನು ಎಲ್ಲಿಯೂ ಬಿಚ್ಚಿಸಿಲ್ಲ. ವಾರಂಟಿಯಂತೆ ಉಚಿತವಾಗಿ ಸರಿಪಡಿಸಿ, ಆಗದಿದ್ದರೆ ಬದಲಾಯಿಸಿ ಕೊಡಬೇಕೆಂದು ಕೋರುತ್ತೇನೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಬಿಲ್ಲು ಮತ್ತು ವಾರಂಟಿ ಕಾರ್ಡಿನ ಪ್ರತಿ ಲಗತ್ತಿಸಿದೆ.’

ಇಷ್ಟೇ ಸಾಕು. ಸಿಟ್ಟು ತೋಡಿಕೊಳ್ಳುವ ಸಾಲು ಒಂದೂ ಬೇಡ. ನಿಜವಲ್ಲದ ಸಾಲಂತೂ ಬೇಡವೇ ಬೇಡ. ವಾಚು ಬಿದ್ದಿದ್ದರೆ ‘ಬಿದ್ದಿಲ್ಲ’ ಎಂದು ಬರೆಯಬಾರದು, ಬಿಚ್ಚಿ ನೋಡಿದವರಿಗೆ ಅದು ಗೊತ್ತಾಗುವ ಸಂಭವವೇ ಹೆಚ್ಚು. ಪತ್ರದ ಬಲವಿರುವುದು ಎರಡು ತಾರೀಕುಗಳಲ್ಲಿ: ಬಿಲ್ಲಿನದು ಮತ್ತು ದೂರು ಕೊಟ್ಟದ್ದು. ವಾಚು ಸರ್ವಿಸ್ ಸೆಂಟರ್‌ನಲ್ಲಿ ತಿಂಗಳುಗಟ್ಟಲೆ ಬಿದ್ದು, ಅಷ್ಟರಲ್ಲಿ ಆಗಸ್ಟ್ ದಾಟಿಹೋದರೂ ದೂರು ವಾರಂಟಿಯೊಳಗೇ ಬಂದಿತ್ತು ಎಂಬುದಕ್ಕೆ ಈ ಪತ್ರವೇ ಸಾಕ್ಷಿ. ಅದಕ್ಕೇ ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ; ಇಲ್ಲವೇ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಾಚು ಒಪ್ಪಿಸುವಾಗ ಜಾಬ್ ಶೀಟ್ ಕೇಳಿ ಪಡೆದು, ಅದರಲ್ಲಿ ‘ವಾರಂಟಿ’ ಎಂದು ನಮೂದಾಗಿದೆಯೇ ನೋಡಿ.

ಮೂಲ ಬಿಲ್ಲನ್ನು ಯಾರಿಗೂ ಒಪ್ಪಿಸಬೇಡಿ, ತೋರಿಸಿ ಝೆರಾಕ್ಸ್ ಕೊಡಿ. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಬಹುದು, ಆದ್ದರಿಂದ ಕೊಂಡ ದಿನವೇ ಫೋಟೋ ತೆಗೆದಿಡುವುದು ಒಳ್ಳೆಯದು.

ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಅಲ್ಲಿ ದೂರು ಸಲ್ಲಿಸಬೇಕು. ನೀವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ.