ಈ ಮಳಿಗೇಲಿ ಏನು ಸಿಗುತ್ತೆ?

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆ ಹೋದರೆ ಜಿ.ಕೆ.ವಿ.ಕೆ. ಸಿಗುತ್ತದೆ. ಅದು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಆವರಣ. ಅಲ್ಲಿ ಕೃಷಿ ಮೇಳ ನಡೆಯುತ್ತದೆ. ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ. ಕೋಲಾರ, ತುಮಕೂರು, ರಾಮನಗರ, ಮಂಡ್ಯ ಕಡೆಯ ರೈತರು ಬರುತ್ತಾರೆ. ಬೆಂಗಳೂರಿನ ಜನವೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬೀಜ, ಗಿಡ, ಯಂತ್ರ, ತಿಂಡಿ, ಎಲ್ಲದಕ್ಕೂ ಮಳಿಗೆಗಳು. ಮಹಿಳಾ ಸಂಘಗಳ ಮಳಿಗೆಗಳೂ ಇರುತ್ತವೆ.

ಮೇಳದ ಮಳಿಗೆ ಸಾಮಾನ್ಯವಾಗಿ ಹತ್ತು ಅಡಿ ಅಗಲ. ನಡೆಯುವ ಮನುಷ್ಯ ಒಂದು ಸೆಕೆಂಡಿಗೆ ಮೂರು ನಾಲ್ಕು ಅಡಿ ದಾಟುತ್ತಾನೆ. ಅಂದರೆ, ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ನಿಮ್ಮ ಮಳಿಗೆ ಹಿಂದೆ ಉಳಿಯಿತು. ಅಷ್ಟರಲ್ಲಿ ಅವನಿಗೆ ಒಂದು ವಿಷಯ ಗೊತ್ತಾಗಬೇಕು. ಇಲ್ಲಿ ಏನು ಸಿಗುತ್ತೆ? ಅದನ್ನು ಹೇಳುವುದು ಬ್ಯಾನರ್. ನಿಂತವನಿಗೆ ಉಳಿದದ್ದನ್ನು ಹೇಳುವುದು ಕರಪತ್ರ.

ಒಂದು ಉದಾಹರಣೆ ನೋಡೋಣ. ಯಲಹಂಕದ ಕಡೆಯ ಒಂದು ಸ್ತ್ರೀಶಕ್ತಿ ಸಂಘ ಎಂದು ಇಟ್ಟುಕೊಳ್ಳಿ. ಹತ್ತು ಜನ ಅಕ್ಕಂದಿರು. ಇವರು ರಾಗಿ ಹುರಿಹಿಟ್ಟು ಮಾಡುತ್ತಾರೆ. ರಾಗಿಯನ್ನು ತೇವ ಮಾಡಿ, ಬಿಸಿ ಬಾಣಲೆಯಲ್ಲಿ ಅರಳು ಹುರಿದು, ಬೀಸಿದ ಹಿಟ್ಟು. ಜೊತೆಗೆ ಹಪ್ಪಳ, ಸಂಡಿಗೆ, ಚಟ್ನಿಪುಡಿ, ಉಪ್ಪಿನಕಾಯಿ, ಬಟ್ಟೆ ಚೀಲ. ಸಂಘದ ಹಣ ಹಾಕಿ ಮೇಳಕ್ಕೆಂದು ಇನ್ನೂರು ಪ್ಯಾಕೆಟ್ ಹುರಿಹಿಟ್ಟು ಮಾಡಿದ್ದಾರೆ. ಅದು ಮನೆಗೆ ವಾಪಸ್ ಬರಬಾರದು.

ಬ್ಯಾನರಿಗೆ ಅವರು ಮೊದಲು ಬರೆದದ್ದು ಹೀಗೆ:

ಮಹಿಳಾ ಸ್ವಸಹಾಯ ಸಂಘ (ರಿ.)
ಸ್ವಾವಲಂಬನೆಯತ್ತ ಮಹಿಳೆಯರ ದಿಟ್ಟ ಹೆಜ್ಜೆ
ಗುಣಮಟ್ಟದ ಸಾಂಪ್ರದಾಯಿಕ ಪೌಷ್ಟಿಕ ಉತ್ಪನ್ನಗಳು ದೊರೆಯುತ್ತವೆ
ತಮಗೆಲ್ಲರಿಗೂ ಆದರದ ಸುಸ್ವಾಗತ

ಕೆಳಗೆ ಹತ್ತು ಜನರ ಫೋಟೋ. ಮೂರು ಫೋನ್ ನಂಬರು.

ಓದಲು ಚೆನ್ನಾಗಿದೆ. ಆದರೆ ಹುರಿಹಿಟ್ಟು ಎಲ್ಲಿದೆ? ಹುಡುಕಿ. ಇಲ್ಲ! 'ಉತ್ಪನ್ನಗಳು' ಎಂಬ ಮಾತಿನೊಳಗೆ ಅಡಗಿ ಕೂತಿದೆ. ಉತ್ಪನ್ನವನ್ನು ಯಾರೂ ತಿನ್ನುವುದಿಲ್ಲ. ಹುರಿಹಿಟ್ಟು ತಿನ್ನುತ್ತಾರೆ, ಹಪ್ಪಳ ತಿನ್ನುತ್ತಾರೆ.

ಬ್ಯಾನರ್ ಬರೆಸುವ ಮುಂಚೆ ಇದನ್ನು ಪರೀಕ್ಷೆ ಮಾಡಬಹುದು. ಖರ್ಚಿಲ್ಲ. ಒಂದು ದೊಡ್ಡ ಹಾಳೆಯ ಮೇಲೆ ಬ್ಯಾನರಿನ ಮಾತುಗಳನ್ನೇ ಬರೆಯಿರಿ. ಸಂಘದ ವಿಚಾರ ಗೊತ್ತಿಲ್ಲದ ಒಬ್ಬರಿಗೆ ಅದನ್ನು ತೋರಿಸಿ. ಮನಸ್ಸಿನಲ್ಲೇ ಮೂರು ಎಣಿಸಿ. ಹಾಳೆ ಮಡಚಿಬಿಡಿ. ಆಮೇಲೆ ಕೇಳಿ, "ನಾವು ಏನು ಮಾರ್ತೀವಿ?" 'ಅರ್ಥ ಆಯ್ತಾ' ಎಂದು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ದಾಕ್ಷಿಣ್ಯಕ್ಕೆ ಹೂಂ ಅಂತಾರೆ.

ನಮ್ಮ ಅಕ್ಕಂದಿರು ಈ ಹಾಳೆಯನ್ನು ಒಬ್ಬ ಆಟೋದವರಿಗೆ ತೋರಿಸಿದರು ಎನ್ನಿ. ಅವರ ಉತ್ತರ: "ಯಾವುದೋ ಸಂಘ ಅಲ್ವೇನಮ್ಮ? ಸಾಲ ಕೊಡ್ತೀರಾ?" ಇದರಲ್ಲಿ ಅವರ ತಪ್ಪಿಲ್ಲ. ದೊಡ್ಡ ಅಕ್ಷರದಲ್ಲಿ ಇದ್ದದ್ದು ಸಂಘವೇ.

ನೀವು ಕೇಳಬಹುದು, ದೊಡ್ಡ ಕಂಪನಿಗಳು ಹೆಸರನ್ನೇ ದೊಡ್ಡದಾಗಿ ಹಾಕುತ್ತವಲ್ಲ? ಹೌದು. 'ನಂದಿನಿ' ಎಂದು ಬರೆದರೆ ಸಾಕು, ಹಾಲು ಎಂದು ಕರ್ನಾಟಕಕ್ಕೆಲ್ಲ ಗೊತ್ತು. ನಮ್ಮ ಸಂಘದ ಹೆಸರು ನಮ್ಮೂರಿಗೆ ಮಾತ್ರ ಗೊತ್ತು. ಆದ್ದರಿಂದ ಹೆಸರು ಕೆಳಗೆ ಹೋಗಬೇಕು, ವಸ್ತು ಮೇಲೆ ಬರಬೇಕು.

ಎರಡನೇ ಸಲ ಬರೆದಾಗ ಬೇರೆ ತೊಂದರೆ ಬಂತು. ಚಟ್ನಿಪುಡಿ ಮಾಡುವ ಅಕ್ಕ ಹೇಳಿದರು, "ನಂದು ಯಾಕೆ ಇಲ್ಲ?" ಚೀಲ ಹೊಲಿಯುವ ಅಕ್ಕನೂ ಕೇಳಿದರು. ನ್ಯಾಯವಾದ ಮಾತೇ. ಆರು ವಸ್ತುಗಳ ಹೆಸರನ್ನೂ ಒಂದೇ ಅಳತೆಯಲ್ಲಿ ಬರೆದರು. ಮತ್ತೆ ಮೂರು ಎಣಿಸಿ ಮಡಚಿದರು. ಈ ಸಲ ಪಕ್ಕದ ಬೀದಿಯ ಅಜ್ಜಿ ಹೇಳಿದ್ದು: "ದಿನಸಿ ಅಂಗಡಿ."

ಆರೂ ಹೆಸರು ದೊಡ್ಡದಾದರೆ ಯಾವುದೂ ದೊಡ್ಡದಲ್ಲ. ಯಾವುದು ಹೆಚ್ಚು ಮಾಡಿದ್ದೀರಿ, ಯಾವುದು ಬೇರೆ ಮಳಿಗೆಯಲ್ಲಿ ಸುಲಭವಾಗಿ ಸಿಗುವುದಿಲ್ಲ, ಅದು ಬ್ಯಾನರಿಗೆ ಬರಲಿ. ಉಳಿದ ಐದಕ್ಕೆ ಮೇಜಿನ ಮೇಲೆ, ಅದರದರ ಮುಂದೆ, ಒಂದೊಂದು ರಟ್ಟಿನ ಚೀಟಿ ನಿಲ್ಲಿಸಿ. ಹುರಿಹಿಟ್ಟಿಗೆಂದು ನಿಂತವರು ಚಟ್ನಿಪುಡಿಯನ್ನೂ ನೋಡುತ್ತಾರೆ. ನಿಲ್ಲದೆ ಹೋದವರು ಯಾವುದನ್ನೂ ನೋಡುವುದಿಲ್ಲ. ಇದನ್ನು ಸಂಘದ ಸಭೆಯಲ್ಲೇ ಮಾತಾಡಿ ತೀರ್ಮಾನಿಸಿ. ಮೇಳದ ಬೆಳಿಗ್ಗೆ ಜಗಳ ಬೇಡ.

ಮೂರನೇ ಸಲ 'ರಾಗಿ ಹುರಿಹಿಟ್ಟು' ಎಂದಷ್ಟೇ ದೊಡ್ಡದಾಗಿ ಬರೆದರು. ಶಾಲೆಯ ಹುಡುಗಿ ಓದಿ ಹೇಳಿದಳು, "ರಾಗಿ ಹಿಟ್ಟು. ಮುದ್ದೆ ಮಾಡೋದು." ಹತ್ತಿರ ಬಂತು, ಆದರೂ ತಪ್ಪು. ಈಗಿನ ಪೇಟೆ ಮಕ್ಕಳಲ್ಲಿ ಬಹಳ ಜನಕ್ಕೆ ಹುರಿಹಿಟ್ಟು ಗೊತ್ತಿಲ್ಲ. ಪ್ಯಾಕೆಟಿನಲ್ಲಿ ನೋಡಿದರೂ ಮುದ್ದೆ ಹಿಟ್ಟಿನ ಹಾಗೇ ಕಾಣುತ್ತದೆ. ಕೊಂಡುಹೋಗಿ ಮುದ್ದೆ ತೊಳಸಲು ಹೋದರೆ ಕೆಟ್ಟ ಹೆಸರು ನಿಮಗೇ. 'ರಾಗಿ ಮಾಲ್ಟ್' ಎಂದು ಬರೆಯೋಣವೇ? ಬೇಡ. ಮಾಲ್ಟ್ ಮೊಳಕೆ ಕಟ್ಟಿದ ರಾಗಿಯದು, ಇದು ಅರಳು ಹುರಿದದ್ದು. ಇಲ್ಲದ್ದನ್ನು ಬರೆಯುವುದಕ್ಕಿಂತ, ತಿನ್ನುವ ರೀತಿಯನ್ನೇ ಬರೆದರೆ ಆಯಿತು:

ರಾಗಿ ಹುರಿಹಿಟ್ಟು
ಬೇಯಿಸೋದು ಬೇಡ. ಹಾಲು, ಬೆಲ್ಲ ಕಲಸಿ ತಿನ್ನಿ
(ಕೆಳಗೆ ಸಣ್ಣದಾಗಿ ಸಂಘದ ಹೆಸರು, ಊರು)

ಪಕ್ಕದಲ್ಲಿ ಒಂದೇ ಚಿತ್ರ. ಬಟ್ಟಲಲ್ಲಿ ಕಲಸಿದ ಹುರಿಹಿಟ್ಟು, ಒಂದು ಚಮಚ. ಕನ್ನಡ ಓದಲು ಬಾರದವರಿಗೂ ಅದು ಅರ್ಥವಾಗುತ್ತದೆ. ಹತ್ತು ಜನರ ಫೋಟೋ ಹೋಯಿತು. ಅಕ್ಕಂದಿರು ಮಳಿಗೆಯಲ್ಲಿ ಎದುರಿಗೇ ಇರುತ್ತಾರಲ್ಲ! ಬೆಲೆಯನ್ನೂ ಬ್ಯಾನರಿನಲ್ಲಿ ಹಾಕಬೇಡಿ. ಬೆಲೆ ಬದಲಾಗುತ್ತದೆ, ಬ್ಯಾನರ್ ಮುಂದಿನ ವರ್ಷಕ್ಕೂ ಬೇಕು. ಬೆಲೆಗೆ ಬೇರೆ ರಟ್ಟು.

ಅಕ್ಷರದ ಅಳತೆಗೆ ಬೋರ್ಡ್ ಬರೆಯುವವರಲ್ಲಿ ಒಂದು ಲೆಕ್ಕ ಉಂಟು. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ. ಇಪ್ಪತ್ತು ಮೂವತ್ತು ಅಡಿಯಿಂದ ಓದಬೇಕಾದರೆ ಎರಡು ಮೂರು ಅಂಗುಲ. ಆದರೆ ಮೇಳದಲ್ಲಿ ನೂಕುನುಗ್ಗಲು, ವಯಸ್ಸಾದವರ ಕಣ್ಣು, ಮೇಲಾಗಿ ನಡೆಯುತ್ತಾ ಓದುವುದು. ಅದಕ್ಕೆ ಮೊದಲ ಸಾಲು ಒಂದು ಗೇಣು ಎತ್ತರ ಇರಲಿ. ಎರಡನೆಯದು ನಾಲ್ಕು ಬೆರಳು. ಸಂಘದ ಹೆಸರು ಎರಡು ಬೆರಳು ಸಾಕು. ಹತ್ತು ಅಡಿ ಉದ್ದ, ಮೂರು ಅಡಿ ಎತ್ತರದ ಬಟ್ಟೆಯಲ್ಲಿ ಇಷ್ಟೂ ಹಿಡಿಸುತ್ತದೆ, ಚಿತ್ರಕ್ಕೂ ಜಾಗ ಉಳಿಯುತ್ತದೆ.

ಕನ್ನಡದಲ್ಲಿ ಇನ್ನೊಂದು ಎಚ್ಚರ ಬೇಕು. ನಮಗೆ ಒತ್ತಕ್ಷರ ಕೆಳಗೆ ಬರುತ್ತದೆ. 'ಟ್ಟು' ನೋಡಿ, ಟ-ಒತ್ತು ಕೆಳಗೆ ಇಳಿದಿದೆ. ಸಾಲುಗಳು ಒತ್ತಾಗಿದ್ದರೆ ಆ ಒತ್ತು ಕೆಳಗಿನ ಸಾಲಿನ ತಲೆಗೆ ಅಂಟಿಕೊಳ್ಳುತ್ತದೆ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿಸಿ. ತಿಳಿ ಬಣ್ಣದ ಬಟ್ಟೆಯ ಮೇಲೆ ಕಡು ಬಣ್ಣದ ದಪ್ಪ ಅಕ್ಷರ ಬರೆಸಿ. ಬಿಳಿ ಮೇಲೆ ಹಳದಿ ಬಿಸಿಲಲ್ಲಿ ಕಾಣುವುದೇ ಇಲ್ಲ. ಫ್ಲೆಕ್ಸ್ ಅಗ್ಗ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್ ನಿಷೇಧಿಸಿದೆ. ಬಟ್ಟೆಯೇ ಇರಲಿ. ಹಿಂದಿನಿಂದ ಬಿಸಿಲು ಬಿದ್ದರೆ ತೆಳು ಬಟ್ಟೆಯ ಅಕ್ಷರ ಮಂಕಾಗುತ್ತದೆ. ಹಿಂದೆ ಒಂದು ಹಳೇ ಪಂಚೆ ಕಟ್ಟಿ.

ಕಟ್ಟುವ ಎತ್ತರವನ್ನೂ ನೋಡಿಕೊಳ್ಳಿ. ಮುಂದೆ ಮೇಜು, ಮೇಜಿನ ಹಿಂದೆ ನೀವು, ಮೇಜಿನ ಮುಂದೆ ನಾಲ್ಕು ಜನ ಗಿರಾಕಿ. ಇಷ್ಟು ತಲೆಗಳ ಹಿಂದೆ ಬ್ಯಾನರ್ ಇದ್ದರೆ ಯಾರಿಗೆ ಕಂಡೀತು? ಬ್ಯಾನರಿನ ಕೆಳಗಿನ ಅಂಚು ಆರು ಅಡಿ ಮೇಲೆ ಇರಲಿ.

ಈಗ ಕರಪತ್ರ. ಹಳೆಯ ಕರಪತ್ರದಲ್ಲಿ ಸಂಘದ ಧ್ಯೇಯ, ಹುಟ್ಟಿದ ಬಗೆ, ಪದಾಧಿಕಾರಿಗಳ ಹೆಸರು ಇತ್ತು. ಕೊನೆಯಲ್ಲಿ ಹುರಿಹಿಟ್ಟಿಗೆ ಅರ್ಧ ಸಾಲು. ಮನೆಗೆ ಹೋದವರಿಗೆ ಬೇಕಾದದ್ದು ಬೇರೆ. ಹೇಗೆ ಕಲಸೋದು? ಎಷ್ಟು ರೂಪಾಯಿ? ಮುಗಿದರೆ ಮತ್ತೆ ಎಲ್ಲಿ ಸಿಗುತ್ತೆ? ಇಷ್ಟಕ್ಕೆ ಅರ್ಧ ಹಾಳೆ ಸಾಕು. ತಲೆಬರಹ ಬ್ಯಾನರಿನ ಮಾತೇ ಆಗಿರಲಿ. ಆಗ ಮನೆಯಲ್ಲಿ ನೋಡಿದಾಗ 'ಓ, ಅದೇ ಮಳಿಗೆ' ಎಂದು ನೆನಪಾಗುತ್ತದೆ. ಕೆಳಗೆ ಹೀಗೆ ಬರೆಯಿರಿ: "ಒಂದು ಹಿಡಿ ಹಿಟ್ಟಿಗೆ ಬೆಲ್ಲದ ಪುಡಿ ಹಾಕಿ, ಬಿಸಿ ಹಾಲು ಸ್ವಲ್ಪ ಸ್ವಲ್ಪ ಹಾಕುತ್ತಾ ಕಲಸಿ. ಮಜ್ಜಿಗೆ, ಉಪ್ಪು ಹಾಕಿಯೂ ತಿನ್ನಬಹುದು. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಿ." ಆಮೇಲೆ ತೂಕ, ಬೆಲೆ, ಊರು, ಸಿಗುವ ಜಾಗ. ಫೋನ್ ನಂಬರು ಒಂದೇ. ಮೂರು ನಂಬರು ಇದ್ದರೆ ಯಾರೂ ಎತ್ತುವುದಿಲ್ಲ. ಅವರು ಎತ್ತುತ್ತಾರೆ ಎಂದು ಇವರು, ಇವರು ಎತ್ತುತ್ತಾರೆ ಎಂದು ಅವರು.

ಒಬ್ಬ ಅಕ್ಕ 'ಸಕ್ಕರೆ ಕಾಯಿಲೆಗೆ ರಾಮಬಾಣ' ಎಂದು ಸೇರಿಸಿದ್ದರು. ಅದನ್ನು ಹೊಡೆದುಹಾಕಿ. ತಿನ್ನುವ ಪದಾರ್ಥ ರೋಗ ಗುಣಪಡಿಸುತ್ತದೆ ಎಂದು ಬರೆಯುವುದಕ್ಕೆ ಆಹಾರ ಕಾನೂನು ಬಿಡುವುದಿಲ್ಲ. ಅದೂ ಅಲ್ಲದೆ, ಅದೇ ಹಾಳೆಯಲ್ಲಿ ಬೆಲ್ಲ ಹಾಕಿ ಎಂದೂ ನಾವೇ ಬರೆದಿದ್ದೇವೆ!

ಅಚ್ಚಿಗೆ ಹೋಗುವ ಮುಂಚೆ ಒಂದು ಮಾದರಿ ಪ್ರತಿ ಕೇಳಿ ತೆಗೆದುಕೊಳ್ಳಿ. ಒಬ್ಬರು ಅಕ್ಷರ ಅಕ್ಷರ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ನೀವು ಬರೆದ ಹಾಳೆ ಹಿಡಿದು ನೋಡಲಿ. ಕಂಪ್ಯೂಟರಿನಲ್ಲಿ ಅಕ್ಷರದ ನಮೂನೆ ಬದಲಾದರೆ ಒತ್ತು, ದೀರ್ಘ ತಪ್ಪಿಹೋಗುವುದುಂಟು. ಕೊನೆಗೆ, ಆ ಪ್ರತಿಯಲ್ಲಿ ಅಚ್ಚಾದ ನಂಬರನ್ನೇ ನೋಡಿಕೊಂಡು ಬೇರೆಯವರ ಫೋನಿನಿಂದ ಒತ್ತಿ. ನಿಮ್ಮ ಅಕ್ಕನ ಫೋನ್ ಹೊಡೆದುಕೊಂಡರೆ ನಂಬರು ಸರಿ.

ಮೇಳದ ದಿನ ಮಳಿಗೆಯಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಯಾರಾದರೂ "ಇದು ಮುದ್ದೆ ಹಿಟ್ಟಾ?" ಎಂದು ಕೇಳಿದಾಗೆಲ್ಲ ಒಂದು ಗೀಟು ಎಳೆಯಿರಿ. "ಒಂದು ಪ್ಯಾಕೆಟ್ ಎಷ್ಟು?" ಎಂದು ಕೇಳಿದರೆ ಇನ್ನೊಂದು ಕಡೆ ಗೀಟು. ಬೆಲೆ ಕೇಳುವವರಿಗೆ ವಸ್ತು ಅರ್ಥವಾಗಿದೆ. ಸಂಜೆ ಎಣಿಸಿದಾಗ ಮೊದಲನೇ ಗೀಟುಗಳೇ ಹೆಚ್ಚಿದ್ದರೆ ಎರಡನೇ ಸಾಲು ಜನಕ್ಕೆ ಕಾಣುತ್ತಿಲ್ಲ. ಒಂದು ರಟ್ಟಿನ ಮೇಲೆ 'ಬೇಯಿಸೋದು ಬೇಡ' ಎಂದು ದಪ್ಪಗೆ ಬರೆದು, ಬೆಳಿಗ್ಗೆ ಮೇಜಿನ ಮುಂದೆ ಕಟ್ಟಿ. ಪಕ್ಕದಲ್ಲಿ ಕಲಸಿದ ಬಟ್ಟಲು ಇಟ್ಟು, ರುಚಿ ಕೊಡಿ. ರುಚಿ ನೋಡಿದವರ ಕೈಗೆ ಕರಪತ್ರ ಕೊಡಿ.