ದುಬಾರಿ ಹೆಜ್ಜೆ, ಅಗ್ಗದ ಪಯಣ

ಒಂದೇ ಪಾತ್ರೆಯಲ್ಲಿ ಎ, ಬಿ, ಸಿ ಎಂಬ ಮೂರು ರಾಸಾಯನಿಕಗಳಿವೆ ಎನ್ನಿ. ಎ ತಾನಾಗಿಯೇ ಬಿ ಆಗುತ್ತದೆ, ಆದರೆ ಬಲು ನಿಧಾನವಾಗಿ. ಆ ಕ್ರಿಯೆಯ ವೇಗದ ಸ್ಥಿರಾಂಕ 0.04. ಎರಡು ಬಿ ಕಣಗಳು ಎದುರಾದರೆ ಅದರಲ್ಲೊಂದು ಸಿ ಆಗಿಬಿಡುತ್ತದೆ. ಇದರ ಸ್ಥಿರಾಂಕ 3 ಕೋಟಿ. ಬಿ ಮತ್ತು ಸಿ ಎದುರಾದರೆ ಬಿ ಮರಳಿ ಎ ಆಗುತ್ತದೆ. ಸ್ಥಿರಾಂಕ 10 ಸಾವಿರ. 1966ರಲ್ಲಿ ಎಚ್. ಎಚ್. ರಾಬರ್ಟ್‌ಸನ್ ಮುಂದಿಟ್ಟ ಈ ಪುಟ್ಟ ಲೆಕ್ಕವನ್ನು, ಅವಕಲ ಸಮೀಕರಣ ಬಿಡಿಸುವ ತಂತ್ರಾಂಶ ಬರೆಯುವವರು ಇಂದಿಗೂ ಒರೆಗಲ್ಲಾಗಿ ಬಳಸುತ್ತಾರೆ. ಇರುವುದು ಮೂರೇ ಸಮೀಕರಣ. ಆದರೂ ಸಾಮಾನ್ಯ ವಿಧಾನ ಇಲ್ಲಿ ಏದುಸಿರು ಬಿಡುತ್ತದೆ.

ಮೊದಲು ಪಾತ್ರೆಯಲ್ಲಿ ಏನಾಗುತ್ತದೆ ನೋಡೋಣ. ಆರಂಭದಲ್ಲಿ ಎ ಮಾತ್ರ ಇದೆ, ಅದರ ಪ್ರಮಾಣ 1. ಬಿ ಹುಟ್ಟುತ್ತಲೇ ಖರ್ಚಾಗುವುದರಿಂದ ಅದು ಶೇಖರವಾಗುವುದೇ ಇಲ್ಲ. ಕೆಲವೇ ಮಿಲಿಸೆಕೆಂಡುಗಳಲ್ಲಿ ಹುಟ್ಟು ಮತ್ತು ಖರ್ಚು ಸರಿದೂಗಿ, ಬಿ 0.0000365ರ ಸುಮಾರಿಗೆ ನಿಲ್ಲುತ್ತದೆ. ಆಮೇಲೆ ಎಲ್ಲವೂ ಸಾವಕಾಶ. 40ನೇ ಸೆಕೆಂಡಿನ ಹೊತ್ತಿಗೆ ಎ 0.716ಕ್ಕೆ ಇಳಿದಿರುತ್ತದೆ, ಆಗ ಅದು ಸೆಕೆಂಡಿಗೆ ಬರೀ 0.0025ರಷ್ಟು ಕಡಿಮೆಯಾಗುತ್ತಿರುತ್ತದೆ. ಗ್ರಾಫಿನಲ್ಲಿ ಗೆರೆ ಹೆಚ್ಚುಕಡಿಮೆ ನೇರ. ಇಂಥ ಗೆರೆಯ ಮೇಲೆ ಒಂದೊಂದು ಸೆಕೆಂಡಿನ ಹೆಜ್ಜೆ ಹಾಕಿದರೆ ಸಾಕು ಎಂದು ಯಾರಿಗಾದರೂ ಅನಿಸುತ್ತದೆ.

ಹಾಕಿ ನೋಡಿದರೆ ಲೆಕ್ಕ ಸಿಡಿಯುತ್ತದೆ. ಏಕೆಂದರೆ ಬಿ ತನ್ನ ಸಮತೋಲದಿಂದ ಕೊಂಚ ಸರಿದರೂ ಅದನ್ನು ವಾಪಸ್ಸು ಎಳೆಯುವ ಬಲ ಭಾರಿಯಾದದ್ದು. 40ನೇ ಸೆಕೆಂಡಿನಲ್ಲಿ ಆ ಎಳೆತದ ದರ ಸೆಕೆಂಡಿಗೆ ಸುಮಾರು 3400. ನಾವು ಶಾಲೆಯಲ್ಲಿ ಕಲಿಯುವ ಆಯ್ಲರ್ ವಿಧಾನ ಎಕ್ಸ್‌ಪ್ಲಿಸಿಟ್ ಬಗೆಯದು: ಈ ಕ್ಷಣದ ಬದಲಾವಣೆಯ ದರವನ್ನು ಹೆಜ್ಜೆಯ ಅವಧಿಯಿಂದ ಗುಣಿಸಿ, ಈಗಿನ ಬೆಲೆಗೆ ಕೂಡಿಸುವುದು. ಬಿಯಲ್ಲಿ ಒಂದು ಸಣ್ಣ ತಪ್ಪು ನುಸುಳಿದೆ ಎಂದುಕೊಳ್ಳಿ. ಹೆಜ್ಜೆ 0.001 ಸೆಕೆಂಡ್ ಆದರೆ, ಮುಂದಿನ ಹೆಜ್ಜೆಯಲ್ಲಿ ಆ ತಪ್ಪು 1 − 3.4, ಅಂದರೆ −2.4 ಪಟ್ಟಾಗುತ್ತದೆ. ಎಳೆತ ಸರಿಯಾದ ದಿಕ್ಕಿಗೇ ಇದೆ, ಆದರೆ ಗುರಿ ದಾಟಿ ಆಚೆ ಬಿದ್ದಿದೆ. ಅಲ್ಲಿಂದ ಇನ್ನೂ ಜೋರಾಗಿ ಈಚೆಗೆ. ಹತ್ತು ಹೆಜ್ಜೆಗಳಲ್ಲಿ ತಪ್ಪು 6000 ಪಟ್ಟು ಮೀರುತ್ತದೆ. ಪಾತ್ರೆಯಲ್ಲಿ ಕಳೆದದ್ದು ಸೆಕೆಂಡಿನ ನೂರನೇ ಒಂದು ಭಾಗ ಮಾತ್ರ.

ತಪ್ಪು ಬೆಳೆಯಬಾರದೆಂದರೆ ಹೆಜ್ಜೆ 2/3400ರೊಳಗೆ, ಅಂದರೆ ಸುಮಾರು 0.0006 ಸೆಕೆಂಡಿನೊಳಗೆ ಇರಬೇಕು. ಸ್ಟಿಫ್ ಸಮೀಕರಣದ ತೊಡಕು ಇರುವುದು ಇಲ್ಲೇ. ಬಿಯ ಆರಂಭದ ಓಟ ಎಂದೋ ಮುಗಿದಿದೆ, ಗೆರೆಯಲ್ಲಿ ಅದರ ಸುಳಿವೂ ಇಲ್ಲ. ಆದರೂ ಹೆಜ್ಜೆಯ ಅಳತೆಯನ್ನು ನಿರ್ಧರಿಸುವುದು ಅದೇ. ನಿಖರತೆಗೆ ಒಂದು ಸೆಕೆಂಡ್ ಸಾಕಿದ್ದರೂ ಸ್ಥಿರತೆ ಅದರ ಸಾವಿರದ ಒಂದು ಭಾಗಕ್ಕಿಂತ ಹೆಚ್ಚು ಬಿಡುವುದಿಲ್ಲ.

ಇಂಪ್ಲಿಸಿಟ್ ವಿಧಾನದಲ್ಲಿ ಬದಲಾಗುವುದು ಒಂದೇ ಸಂಗತಿ. ದರವನ್ನು ಹೆಜ್ಜೆಯ ಆರಂಭದಲ್ಲಿ ಅಳೆಯುವ ಬದಲು ಕೊನೆಯಲ್ಲಿ ಅಳೆಯುತ್ತೇವೆ. ಹಿಮ್ಮುಖ ಆಯ್ಲರ್ ಎಂದು ಕರೆಯುವ ಈ ವಿಧಾನದಲ್ಲಿ, ಅದೇ 0.001 ಸೆಕೆಂಡಿನ ಹೆಜ್ಜೆಗೆ ತಪ್ಪು 1/(1 + 3.4) ಪಟ್ಟು, ಅಂದರೆ ಕಾಲು ಭಾಗಕ್ಕಿಂತ ಕಡಿಮೆಯಾಗುತ್ತದೆ. ಒಂದು ಸೆಕೆಂಡಿನ ಹೆಜ್ಜೆ ಹಾಕಿದರೆ 1/3401ಕ್ಕೆ ಇಳಿಯುತ್ತದೆ. ಹೆಜ್ಜೆ ಹಿಗ್ಗಿದಷ್ಟೂ ತಪ್ಪು ಹೆಚ್ಚು ಕುಗ್ಗುತ್ತದೆ. ಕರ್ಟಿಸ್ ಮತ್ತು ಹಿರ್ಶ್‌ಫೆಲ್ಡರ್ 1952ರಲ್ಲೇ ರಾಸಾಯನಿಕ ಕ್ರಿಯೆಗಳ ಲೆಕ್ಕಕ್ಕೆ ಈ ಜಾತಿಯ ಸೂತ್ರಗಳನ್ನು ಸೂಚಿಸಿದ್ದರು.

ಆದರೆ ಕೊನೆಯ ಬೆಲೆ ಗೊತ್ತಾಗದೆ ಕೊನೆಯ ದರ ಅಳೆಯುವುದು ಹೇಗೆ? ಬೆಲೆ ಸಮೀಕರಣದ ಎರಡೂ ಬದಿಯಲ್ಲಿದೆ, ಅದನ್ನು ಬಿಡಿಸಿಯೇ ಪಡೆಯಬೇಕು. ಊಹೆಯೊಂದನ್ನು ಹಾಕಿ, ಬಂದ ಉತ್ತರವನ್ನೇ ಮತ್ತೆ ಹಾಕುತ್ತ ಹೋಗುವ ಸುಲಭದ ದಾರಿ ಇಲ್ಲಿ ಮುಚ್ಚಿದೆ. ಆ ಆವರ್ತನೆ ಒಂದೆಡೆ ನಿಲ್ಲಲು ಹೆಜ್ಜೆ 1/3400ಕ್ಕಿಂತ ಚಿಕ್ಕದಿರಬೇಕು. ಅಂದರೆ ಬಿಟ್ಟುಬಂದ ಮಿತಿಗಿಂತಲೂ ಬಿಗಿಯಾದ ಮಿತಿ! ಹಾಗಾಗಿ ನ್ಯೂಟನ್ನನ ವಿಧಾನವೇ ಬೇಕು. ಪ್ರತಿಯೊಂದು ರಾಸಾಯನಿಕವೂ ಉಳಿದವುಗಳ ದರವನ್ನು ಎಷ್ಟು ಬದಲಿಸುತ್ತದೆ ಎಂಬ ಕೋಷ್ಟಕವನ್ನು (ಜೇಕೋಬಿಯನ್) ತಯಾರಿಸಿ, ಅದರಿಂದ ಏಕಕಾಲಿಕ ಸಮೀಕರಣಗಳನ್ನು ಬಿಡಿಸಬೇಕು. ಮೂರು ರಾಸಾಯನಿಕಗಳಿಗೆ ಇದು ಏನೂ ಅಲ್ಲ. ಸಾವಿರವಿದ್ದರೆ, ಕೋಷ್ಟಕದ ತುಂಬ ಅಂಕಿಗಳಿದ್ದರೆ, ಅದನ್ನೊಮ್ಮೆ ಬಿಡಿಸಲು ಸುಮಾರು 33 ಕೋಟಿ ಗುಣಾಕಾರ ಬೇಕು. ಒಳ್ಳೆಯ ತಂತ್ರಾಂಶಗಳು ಜಿಪುಣತನ ಮಾಡುತ್ತವೆ: ಒಮ್ಮೆ ಮಾಡಿದ ಕೋಷ್ಟಕವನ್ನು, ನ್ಯೂಟನ್ ಕುಂಟತೊಡಗುವವರೆಗೆ, ಹಲವು ಹೆಜ್ಜೆಗಳಿಗೆ ಬಳಸುತ್ತವೆ.

ಈಗ ಜಮಾಖರ್ಚು. ರಾಬರ್ಟ್‌ಸನ್ ಲೆಕ್ಕವನ್ನು 4 ಲಕ್ಷ ಸೆಕೆಂಡ್, ಅಂದರೆ ನಾಲ್ಕೂವರೆ ದಿನ, ಓಡಿಸಬೇಕಿದೆ. ಸಿ ಹೆಚ್ಚಾದಂತೆ ಎಳೆತದ ದರ 10 ಸಾವಿರದ ಹತ್ತಿರ ಬರುತ್ತದೆ. ಸಾದಾ ಆಯ್ಲರ್ ಹೆಜ್ಜೆ 0.0002 ಸೆಕೆಂಡ್ ದಾಟುವಂತಿಲ್ಲ. ಒಟ್ಟು 200 ಕೋಟಿ ಹೆಜ್ಜೆ. ಇಂಪ್ಲಿಸಿಟ್ ತಂತ್ರಾಂಶ ಮೊದಲ ಮಿಲಿಸೆಕೆಂಡುಗಳಲ್ಲಿ ಸಣ್ಣ ಹೆಜ್ಜೆ ಇಟ್ಟು, ಆಮೇಲೆ ಅದನ್ನು ಸೆಕೆಂಡುಗಳಿಗೆ, ಗಂಟೆಗಳಿಗೆ ಹಿಗ್ಗಿಸುತ್ತ ಕೆಲವು ನೂರು ಹೆಜ್ಜೆಗಳಲ್ಲಿ ಮುಗಿಸುತ್ತದೆ. ಒಂದೊಂದಕ್ಕೂ ಐವತ್ತು ಪಟ್ಟು ಬೆಲೆ ತೆತ್ತೆವು ಎಂದಿಟ್ಟುಕೊಂಡರೂ ಒಟ್ಟು ಕೆಲವು ಹತ್ತು ಸಾವಿರ ದಾಟುವುದಿಲ್ಲ.

ಹಾಗೆಂದು ಇಂಪ್ಲಿಸಿಟ್ ಎಂಬ ಹಣೆಪಟ್ಟಿಯೊಂದೇ ಸಾಲದು. ಆರಂಭ ಮತ್ತು ಕೊನೆಯ ದರಗಳ ಸರಾಸರಿ ಹಿಡಿಯುವ ಟ್ರೆಪಿಜಾಯ್ಡಲ್ ಸೂತ್ರ ಹಿಮ್ಮುಖ ಆಯ್ಲರ್‌ಗಿಂತ ನಿಖರ. ಆದರೆ ಒಂದು ಸೆಕೆಂಡಿನ ಹೆಜ್ಜೆಗೆ ಅದು ತಪ್ಪನ್ನು −0.9988 ಪಟ್ಟು ಮಾಡುತ್ತದೆ. ಸಿಡಿಯುವುದಿಲ್ಲ, ಕುಗ್ಗುವುದೂ ಇಲ್ಲ. ಬಿಯ ಗೆರೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಹಿಂದಿನ ಹಲವು ಬೆಲೆಗಳನ್ನು ಬಳಸುವ ಸೂತ್ರಗಳ ಪೈಕಿ, ಕುಗ್ಗುವ ತಪ್ಪು ಎಷ್ಟೇ ವೇಗದ್ದಾಗಿರಲಿ, ಹೆಜ್ಜೆ ಎಷ್ಟೇ ದೊಡ್ಡದಿರಲಿ ಸ್ಥಿರವಾಗಿರುವ ಯಾವುದೂ ಎರಡನೇ ದರ್ಜೆಯ ನಿಖರತೆ ಮೀರಲಾರದು ಎಂದು ಸ್ವೀಡನ್ನಿನ ಗೆರ್ಮುಂಡ್ ಡಾಲ್ಕ್ವಿಸ್ಟ್ 1963ರಲ್ಲಿ ಸಾಧಿಸಿದರು. ಅದಕ್ಕೇ ಇಂದಿನ ತಂತ್ರಾಂಶಗಳು ಕೊಂಚ ರಾಜಿ ಮಾಡಿಕೊಂಡ ಬಿಡಿಎಫ್ ಸೂತ್ರಗಳನ್ನೋ ಬೇರೆ ಕುಲದ ರಾಡೌ ವಿಧಾನವನ್ನೋ ಬಳಸುತ್ತವೆ.

ಕೈಯಲ್ಲಿರುವ ಸಮೀಕರಣ ಸ್ಟಿಫ್ ಹೌದೋ ಅಲ್ಲವೋ ತಿಳಿಯಲು ಸುಲಭದ ಪರೀಕ್ಷೆಯಿದೆ. ಪೈಥಾನಿನ ಸೈಪೈನಲ್ಲಿ ಹೀಗೆ:

```python
from scipy.integrate import solve_ivp

def f(t, y):
    a, b, c = y
    r1, r2, r3 = 0.04*a, 3e7*b*b, 1e4*b*c
    return [r3 - r1, r1 - r2 - r3, r2]

s = solve_ivp(f, (0, 40), [1, 0, 0],
              method="RK45", rtol=1e-3, atol=1e-9)
print(s.t.size)
```

`RK45` ಎಕ್ಸ್‌ಪ್ಲಿಸಿಟ್. `rtol` ಅನ್ನು `1e-5` ಮಾಡಿ, ಅಂದರೆ ನೂರು ಪಟ್ಟು ಹೆಚ್ಚು ನಿಖರತೆ ಕೇಳಿ. ಸಾಧಾರಣ ಸಮೀಕರಣದಲ್ಲಾದರೆ ಹೆಜ್ಜೆಗಳು ಸುಮಾರು ಎರಡೂವರೆ ಪಟ್ಟಾಗಬೇಕು. ಇಲ್ಲಿ ಸಂಖ್ಯೆ ಹೆಚ್ಚು ಕದಲುವುದಿಲ್ಲ, ಏಕೆಂದರೆ ಹೆಜ್ಜೆಯನ್ನು ತಡೆದಿರುವುದು ನಿಖರತೆಯಲ್ಲ. ಆಗ `method="BDF"` ಎಂದು ಬದಲಿಸಿ. `atol` ಬಗ್ಗೆ ಒಂದು ಮಾತು: ನಾವೇನೂ ಹೇಳದಿದ್ದರೆ ಅದು `1e-6`. ಬಿ ಇರುವುದೇ ಲಕ್ಷದಲ್ಲಿ ಕೆಲವು ಭಾಗ. ಅಷ್ಟು ಸಡಿಲ ಬಿಟ್ಟರೆ ಅದರ ಲೆಕ್ಕವನ್ನು ಯಾರೂ ಕಾಯುವುದಿಲ್ಲ.

ದೊಡ್ಡ ಹೆಜ್ಜೆಯ ವಿಪರೀತವೂ ಉಂಟು. ಎಳೆತದ ಬದಲು ನಿಜವಾಗಿ ಬೆಳವಣಿಗೆಯೇ ಇರುವ, ದರ +1000 ಆಗಿರುವ ಸಮೀಕರಣಕ್ಕೆ ಹಿಮ್ಮುಖ ಆಯ್ಲರ್‌ನಿಂದ 0.01 ಸೆಕೆಂಡಿನ ಹೆಜ್ಜೆ ಹಾಕಿ. ನಿಜವಾದ ಉತ್ತರ ಅಷ್ಟರಲ್ಲಿ 22 ಸಾವಿರ ಪಟ್ಟಾಗಿರುತ್ತದೆ. ಲೆಕ್ಕದ ಉತ್ತರ ಒಂಬತ್ತನೇ ಒಂದಕ್ಕೆ ಕುಗ್ಗಿರುತ್ತದೆ. ಹೆಜ್ಜೆಯನ್ನು ಅರ್ಧ ಮಾಡಿದರೂ ಅದು ಕುಗ್ಗುತ್ತಲೇ ಇರುತ್ತದೆ, ನಾಲ್ಕನೇ ಒಂದಕ್ಕೆ. 0.0005ಕ್ಕೆ ಇಳಿಸಿದರೆ ಬೆಳೆಯುತ್ತದೆ.