ಕೊಡೇಕಲ್ಲಿನ ಕೈಬರಹದ ಶುಭಾಶಯ ಪತ್ರ

ಕೊಡೇಕಲ್ ಬಸವಣ್ಣನ ಗುಡಿ ನೋಡಿಕೊಂಡು ಊರೊಳಗೆ ಹೊರಟರೆ, ಒಂದು ಮನೆಯ ಪಡಸಾಲೆಯಲ್ಲಿ ಹಗ್ಗಕ್ಕೆ ಸಿಗಿಸಿದ ಶುಭಾಶಯ ಪತ್ರಗಳು ಒಣಗುತ್ತಿರುತ್ತವೆ. ಎಲ್ಲವೂ ಒಬ್ಬ ಅಕ್ಕನ ಕೈಕೆಲಸ. ಬೆಂಗಳೂರು, ಪುಣೆಗೆ ದುಡಿಯಲು ಹೋದವರಿಗೆ ಯುಗಾದಿ, ಮದುವೆ, ಕೂಸಿನ ತೊಟ್ಟಿಲಿನ ಹೆಸರಿನಲ್ಲಿ ಇಲ್ಲಿಂದ ಪತ್ರ ಹೋಗುತ್ತದೆ.

ಆಯ್ಕೆ ಬಹಳವಿಲ್ಲ. ಅಂಚು ಬಳ್ಳಿಯದೋ ಬೇವಿನೆಲೆಯದೋ, ಒಳಗಿನ ಮಾತು ನಿಮ್ಮದೋ ಅಕ್ಕನದೋ, ಹೆಸರು ಎಷ್ಟು ದೊಡ್ಡದು, ಇಷ್ಟೇ. ಸುರಪುರದ ಚಿತ್ರಗಳ ಹಾಗೆ ಚಿನ್ನದ ಕೆಲಸ ಬೇಕೆಂದು ಕೇಳುವವರೂ ಇದ್ದಾರೆ. ಅದು ತನ್ನ ಕೈಲಿ ಆಗುವುದಿಲ್ಲವೆಂದು ಅಕ್ಕ ನೇರವಾಗಿಯೇ ಹೇಳಿಬಿಡುತ್ತಾರೆ, ಚಿನ್ನದ ಬಣ್ಣವನ್ನಷ್ಟೇ ಹಚ್ಚುತ್ತಾರೆ. ನನಗೆ ಆ ನೇರ ಮಾತು ಹಿಡಿಸಿತು.

ಕೆಲಸ ಶುರುವಾಗುವುದು ಹಾಳೆಯಿಂದ. ದಪ್ಪ ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡುತ್ತಾರೆ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಎಳೆಗಳು ಆ ಮಡಿಕೆಯ ಗುಂಟ ಇರುತ್ತವೆ. ಅಡ್ಡ ಮಡಿಚಿದರೆ ಮಡಿಕೆಯ ಮೇಲಿನ ಬಣ್ಣ ಸೀಳಿ ಬಿಳಿ ಗೆರೆ ಕಾಣುತ್ತದೆ. ಆದ್ದರಿಂದ ಮೊದಲು ಮೊಂಡು ತುದಿಯಿಂದ ಗೀರು ಎಳೆದು ಮಡಿಚಿ, ಬಣ್ಣ ಆಮೇಲೆ.

ಹೆಚ್ಚು ಹೊತ್ತು ಹಿಡಿಯುವುದು ಹೆಸರು. ‘ಲಕ್ಷ್ಮಿ’ ಬರೆದರೆ ಒತ್ತಕ್ಷರ ಕೆಳಗಿಳಿಯುತ್ತದೆ. ಕೆಳಗಿನ ಸಾಲಿನ ಗುಡಿಸು, ದೀರ್ಘಗಳಿಗೆ ಅದು ತಾಗದಂತೆ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು. ಇದಕ್ಕಾಗಿ ಮೊದಲು ಪೆನ್ಸಿಲಿನಲ್ಲಿ ಬರೆದು ಫೋಟೋ ಕಳಿಸುತ್ತಾರೆ. ಒಪ್ಪಿಗೆ ಬಂದ ಮೇಲೆಯೇ ಮಸಿ.

“ಹೆಸರ ಬರದ ಕಳಸ್ರಿ, ಬಾಯಿಲೆ ಹೇಳಬ್ಯಾಡ್ರಿ. ಮಸಿ ಬಿದ್ದ ಮ್ಯಾಲ ತಿದ್ದಾಕ ಬರಂಗಿಲ್ಲ.”

2026ರ ಯುಗಾದಿ ಮಾರ್ಚ್ 19ಕ್ಕೆ. ಬೆಂಗಳೂರಿನ ತಂಗಿಗೊಂದು ಪತ್ರ ಬೇಕೆಂದುಕೊಳ್ಳಿ. ಅಕ್ಕ ಹಬ್ಬದಿಂದ ಹಿಂದಕ್ಕೆ ಎಣಿಸುತ್ತಾರೆ. ಪತ್ರ 17ಕ್ಕೆ ಮುಟ್ಟಿರಬೇಕು, ನಡುವೆ 15ರ ಭಾನುವಾರ ಟಪಾಲಿಲ್ಲ, ಹಾಗಾಗಿ 12ಕ್ಕೆ ಸ್ಪೀಡ್ ಪೋಸ್ಟಿಗೆ ಹಾಕಬೇಕು. 11 ಒಣಗಲು. ಬಣ್ಣ ಮತ್ತು ಬರಹಕ್ಕೆ 9, 10. ಹೆಸರು ಒಪ್ಪಿಸಲು 6ರಿಂದ 8. ಕೊನೆಯ ಆರ್ಡರ್ 5ಕ್ಕೆ. ಬಣ್ಣಕ್ಕೆ ಎರಡೇ ದಿನ, ಒಪ್ಪಿಗೆಗೆ ಮೂರು ದಿನ. ಗಿರಾಕಿ ಫೋಟೋ ನೋಡಿಯೂ ಸುಮ್ಮನಿರುತ್ತಾನೆ, ಮನೆಯ ಹಿರಿಯರನ್ನು ಕೇಳಿ ಹೇಳುತ್ತೇನೆನ್ನುತ್ತಾನೆ, ಅಷ್ಟರಲ್ಲಿ ದಿನ ಕಳೆದಿರುತ್ತದೆ. ಬೇಸಿಗೆಯ ಒಣ ಗಾಳಿಗೆ ಬಣ್ಣ ಬೇಗ ಒಣಗುತ್ತದಾದರೂ ಹಾಳೆ ಸುರುಟಿಕೊಳ್ಳುತ್ತದೆ. ರಾತ್ರಿ ಭಾರವಿಟ್ಟು ಒತ್ತದೆ ಲಕೋಟೆಗೆ ಹಾಕುವಂತಿಲ್ಲ.

ತಡವಾಗಿ ಬಂದವರಿಗೂ ಒಂದು ದಾರಿ ಇದೆ. ಅಂಚು ಮೊದಲೇ ಬಿಡಿಸಿಟ್ಟ ಪತ್ರಗಳು ಪೆಟ್ಟಿಗೆಯಲ್ಲಿರುತ್ತವೆ, ಹೆಸರಷ್ಟೇ ಬರೆದರಾಯಿತು. ಅದಕ್ಕೂ 10ರ ಸಂಜೆಯೇ ಗಡುವು. ಆಮೇಲೆ ಬಂದವರು ಪತ್ರ ಕೈಯಲ್ಲೇ ಹಿಡಿದು ಬೆಂಗಳೂರಿನ ಬಸ್ಸು ಹತ್ತಬೇಕು, ಇಲ್ಲವೇ ಹೋಗುವವರ ಕೈಗೆ ಕೊಡಬೇಕು. ಅಂಥವರೇ ಜಾಸ್ತಿ ಎಂದು ಅಕ್ಕ ನಗುತ್ತಾರೆ.